ರೆಸ್ಯೂಮೆಯಲ್ಲಿ 'ನಾವು ಮಾಡಿದೆವು', 'ಸಹಾಯ ಮಾಡಿದೆ' ಅಂತ ಇದ್ದರೆ ಅವರ ಪಾಲು ಎಷ್ಟು ಅಂತ ತಿಳಿಯೋದು ಹೇಗೆ?

ಸುಜಾತ, ತೀರ್ಥಹಳ್ಳಿ

ನಾನು ನಮ್ಮ ಕಡೆಯ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ನಿರ್ದೇಶಕಿ. ಲೆಕ್ಕ ಮತ್ತು ಕಂಪ್ಯೂಟರ್ ಎರಡನ್ನೂ ನೋಡಿಕೊಳ್ಳುವ ಗುಮಾಸ್ತರು ನಮಗೆ ಬೇಕಾಗಿದ್ದಾರೆ. 2022ರಲ್ಲಿ ಕೇಂದ್ರ ಸರ್ಕಾರ 63,000 ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಹಳೇ ಪುಸ್ತಕದ ಲೆಕ್ಕವನ್ನು ಸಾಫ್ಟ್‌ವೇರ್‌ಗೆ ಸೇರಿಸುವ ಕೆಲಸ ಎಲ್ಲ ಕಡೆ ನಡೆದಿದೆ. ನಮ್ಮಲ್ಲಿ ಸದಸ್ಯರ ಬೆಳೆಸಾಲದ ಖಾತೆಗಳು ಇನ್ನೂ ಬಾಕಿ ಇವೆ. ಹಾಗಾಗಿ ಆ ಕೆಲಸ ಗೊತ್ತಿರುವವರೇ ಬೇಕು.

ಇಬ್ಬರ ಅರ್ಜಿ ಮುಂದಿದೆ. ವಿಶೇಷ ಏನೆಂದರೆ ಇಬ್ಬರೂ ಬೇರೆ ತಾಲ್ಲೂಕಿನ ಒಂದೇ ಸಂಘದಲ್ಲಿ, ಒಂದೇ ಸಮಯದಲ್ಲಿ ಕೆಲಸ ಮಾಡಿದವರು. ಗುರುತು ಸಿಗದ ಹಾಗೆ ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಹುಡುಗನ ರೆಸ್ಯೂಮೆಯಲ್ಲಿ, "ನಾವು 1,400 ಸದಸ್ಯರ ಸಾಲದ ಖಾತೆಗಳನ್ನು ಹೊಸ ಸಾಫ್ಟ್‌ವೇರ್‌ಗೆ ಸೇರಿಸಿ, ತಾಳೆ ಮಾಡಿ ಮುಗಿಸಿದೆವು" ಅಂತ ಇದೆ. ಹುಡುಗಿಯದರಲ್ಲಿ, "ಸಾಲದ ಬಾಕಿ ಪಟ್ಟಿಯನ್ನು ಜನರಲ್ ಲೆಡ್ಜರ್ ಜೊತೆ ತಾಳೆ ಮಾಡಲು ಸಹಾಯ ಮಾಡಿದೆ" ಅಂತ ಇದೆ. ನಮ್ಮ ಉಳಿದ ನಿರ್ದೇಶಕರು ಓದಿದ ಕೂಡಲೇ, "ಹುಡುಗ ಮುಗಿಸಿದ್ದಾನೆ, ಹುಡುಗಿ ಬರೀ ಸಹಾಯ ಮಾಡಿದ್ದಾಳೆ" ಅಂದರು. ನನಗೆ ಆ ಎರಡು ಸಾಲಿನಿಂದ ಏನೂ ತೀರ್ಮಾನ ಮಾಡೋಕೆ ಆಗ್ತಾ ಇಲ್ಲ. ಸಂದರ್ಶನ ಮುಂದಿನ ವಾರ. ಏನು ಕೇಳಬೇಕು?

ಕಿರಣ್, ವಿನೋಬನಗರ

ನಾನು ಬೆಂಗಳೂರಿನ ಐಟಿ ಕಂಪನಿಯಲ್ಲಿ ತಂಡ ನೋಡಿಕೊಳ್ತೀನಿ, ಈಗ ಶಿವಮೊಗ್ಗದಿಂದಲೇ ಕೆಲಸ. ವಾರಕ್ಕೆ ಹತ್ತಾರು ರೆಸ್ಯೂಮೆ ನೋಡ್ತೀನಿ. ನನ್ನ ನಿಯಮ ಸರಳ. ತಾನು ಏನು ಮಾಡಿದೆ ಅಂತ ಬರೆಯದವರನ್ನು ಪಕ್ಕಕ್ಕೆ ಇಡ್ತೀನಿ. ಕೆಲಸ ನಿಜವಾಗಿ ಮಾಡಿದವರಿಗೆ 'ನಾನು ಮಾಡಿದೆ' ಅನ್ನೋಕೆ ಏನು ಕಷ್ಟ? 'ನಾವು' ಅನ್ನೋರು ತಂಡದ ಹಿಂದೆ ಅಡಗಿಕೊಂಡಿರ್ತಾರೆ. 'ಸಹಾಯ ಮಾಡಿದೆ' ಅನ್ನೋರು ಪಕ್ಕದಲ್ಲಿ ನಿಂತು ನೋಡಿರ್ತಾರೆ. ನಿಮ್ಮ ವಿಷಯದಲ್ಲಿ ಇಬ್ಬರನ್ನೂ ಬಿಟ್ಟು ಹೊಸದಾಗಿ ಅರ್ಜಿ ಕರೆಯಿರಿ.

ಮಂಜುನಾಥ, ಸೊರಬ

ಸುಳ್ಳು ಅನುಭವ ಪತ್ರ ಅಂತ ಅನುಮಾನ ಇದ್ದರೆ ಹಳೇ ಸಂಘಕ್ಕೆ ಒಂದು ಪತ್ರ ಬರೆದರೆ ಆಯ್ತಲ್ಲ ಮೇಡಂ? ನನ್ನ ತಮ್ಮನಿಗೆ ಹಾಗೇ ಆಗಿತ್ತು. ಎರಡು ವರ್ಷ ದುಡಿದ ಕಡೆ ಅನುಭವ ಪತ್ರ ಕೊಡೋಕೆ ಆರು ತಿಂಗಳು ಓಡಾಡಿಸಿದರು. ಕೊನೆಗೆ ಹಾಜರಿ ಪುಸ್ತಕದ ಪ್ರತಿ ತೋರಿಸಿ ಕೆಲಸಕ್ಕೆ ಸೇರಿದ.

ಸುಜಾತ, ತೀರ್ಥಹಳ್ಳಿ

ಮಂಜುನಾಥಣ್ಣ, ಇಬ್ಬರೂ ಅಲ್ಲಿ ಕೆಲಸ ಮಾಡಿದ್ದು ನಿಜ. ಪತ್ರವೂ ಸರಿ ಇದೆ. ನನ್ನ ಪ್ರಶ್ನೆ ಅದಲ್ಲ. ಅಲ್ಲಿ ನಡೆದ ಕೆಲಸದಲ್ಲಿ ಯಾವ ಭಾಗ ಯಾರದು ಅನ್ನೋದು. ಅನುಭವ ಪತ್ರದಲ್ಲಿ ಇಬ್ಬರಿಗೂ ಒಂದೇ ವಾಕ್ಯ ಬರೆದುಕೊಟ್ಟಿದ್ದಾರೆ.

ವಸಂತ, ಗಾಜನೂರು

ಸುಜಾತ ಅವರೇ, ನಾನು ಸಹಕಾರ ಸಂಘಗಳ ಲೆಕ್ಕ ಪರಿಶೋಧನೆಯಲ್ಲೇ ಕೆಲಸ ಮಾಡಿ ನಿವೃತ್ತನಾದವನು. ನೇಮಕಾತಿ ಸಮಿತಿಗಳಲ್ಲೂ ಕೂತಿದ್ದೇನೆ. ಕಿರಣ್ ಹೇಳಿದ್ದರಲ್ಲಿ ಅರ್ಧ ಸರಿ. ಒಬ್ಬೊಬ್ಬರ ಪಾಲನ್ನೂ ಬಿಡಿಸಿ ತಿಳಿಯಲೇಬೇಕು. ಆದರೆ ರೆಸ್ಯೂಮೆಯ ಕ್ರಿಯಾಪದ ನೋಡಿ ಜನರನ್ನು ಪಕ್ಕಕ್ಕೆ ಇಡೋದು ತಪ್ಪು. ಅರ್ಜಿ ಜರಡಿ ಹಿಡಿಯುವಾಗ 'ಸಹಾಯ ಮಾಡಿದೆ' ಅನ್ನೋ ಸಾಲಿಗೆ ಸೊನ್ನೆಯೂ ಹಾಕಬೇಡಿ, ಪೂರ್ತಿ ಅಂಕವೂ ಹಾಕಬೇಡಿ. 'ಗೊತ್ತಿಲ್ಲ, ಕೇಳಬೇಕು' ಅಂತ ಗುರುತು ಮಾಡಿ.

ಇದಕ್ಕೆ ಕಾರಣ ಇದೆ. 2005ರಲ್ಲಿ ಹೈಲ್ಮನ್ ಮತ್ತು ಹೇನ್ಸ್ ಅನ್ನೋ ಇಬ್ಬರು ಸಂಶೋಧಕರು ಗಂಡು ಹೆಣ್ಣು ಜೋಡಿಯಾಗಿ ಮಾಡಿದ ಕೆಲಸವನ್ನು ಜನರು ಹೇಗೆ ಅಳೀತಾರೆ ಅಂತ ನೋಡಿದರು. ಕೆಲಸ ಚೆನ್ನಾಗಿ ಆಗಿದೆ, ಆದರೆ ಯಾರ ಪಾಲು ಎಷ್ಟು ಅಂತ ಸ್ಪಷ್ಟ ಇಲ್ಲ ಅಂದಾಗ ಹೆಣ್ಣಿಗೆ ಕಡಿಮೆ ಹೆಸರು ಬಂತು. ಅವಳ ಪಾಲು ಇದು ಅಂತ ಬಿಡಿಸಿ ತೋರಿಸಿದಾಗ ಆ ವ್ಯತ್ಯಾಸ ಹೋಯಿತು. ನಿಮ್ಮ ನಿರ್ದೇಶಕರು ಓದಿದ ಕೂಡಲೇ ಹೇಳಿದ ಮಾತನ್ನು ಇದರ ಪಕ್ಕ ಇಟ್ಟು ನೋಡಿ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಸಂದರ್ಶನಕ್ಕೆ ಮೊದಲು ಆ ಕೆಲಸವನ್ನು ತುಂಡು ಮಾಡಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸಾಲದ ಖಾತೆ ಸಾಫ್ಟ್‌ವೇರ್‌ಗೆ ಹೋಗಬೇಕಾದರೆ ಮೊದಲು ಒಂದು ತಾರೀಕು ಗೊತ್ತು ಮಾಡಬೇಕು, ಸಾಮಾನ್ಯವಾಗಿ ಮಾರ್ಚ್ 31. ಆಮೇಲೆ ಷೇರು ಪುಸ್ತಕ ನೋಡಿ ಸದಸ್ಯರ ಪಟ್ಟಿ ಶುದ್ಧ ಮಾಡಬೇಕು. ಸಾಲದ ಲೆಡ್ಜರ್‌ನಿಂದ ಪ್ರತಿ ಸದಸ್ಯರ ಬಾಕಿ ಎತ್ತಬೇಕು, ಅದನ್ನು ನಮೂದಿಸಬೇಕು. ಪಟ್ಟಿಯ ಒಟ್ಟು ಮೊತ್ತ ಸಂಘದ ಒಟ್ಟು ಲೆಕ್ಕದ ಪುಸ್ತಕವಾದ ಜನರಲ್ ಲೆಡ್ಜರ್‌ಗೆ ಸರಿಹೋಗದಿದ್ದರೆ ಯಾಕೆ ಅಂತ ಹುಡುಕಬೇಕು. ಕೊನೆಗೆ ಯಾರೋ ಒಬ್ಬರು ಒಪ್ಪಿ ಸಹಿ ಹಾಕಬೇಕು. ಇದು ಐದಾರು ಬೇರೆ ಬೇರೆ ಕೆಲಸ. ಒಬ್ಬರೇ ಎಲ್ಲ ಮಾಡಿರೋದು ಅಪರೂಪ.

ಅಭ್ಯರ್ಥಿಯನ್ನು "ನಿಮ್ಮ ಪಾತ್ರ ಏನು" ಅಂತ ಕೇಳಬೇಡಿ. ಅದಕ್ಕೆ ಎಲ್ಲರ ಬಳಿಯೂ ತಯಾರಿ ಉತ್ತರ ಇರುತ್ತೆ. "ನಿಮ್ಮ ಮೇಜಿಗೆ ಏನು ಬರ್ತಿತ್ತು, ಯಾರಿಂದ ಬರ್ತಿತ್ತು? ನೀವು ಅದಕ್ಕೆ ಏನು ಮಾಡಿ ಯಾರಿಗೆ ಕೊಡ್ತಿದ್ರಿ?" ಅಂತ ಕೇಳಿ. ಆಮೇಲೆ, "ತಾಳೆ ಆಗದೆ ಇದ್ದ ಒಂದು ಸಂದರ್ಭ ಹೇಳಿ, ಮೊದಲು ಎಲ್ಲಿ ಹುಡುಕಿದಿರಿ, ಅಲ್ಲಿ ಸಿಕ್ಕಿತಾ?" ಅಂತ ಕೇಳಿ. ಸ್ವತಃ ಮಾಡಿದವರಿಗೆ ಮೊದಲು ಹುಡುಕಿ ಸಿಗದೇ ಇದ್ದ ಜಾಗ ನೆನಪಿರುತ್ತೆ. ಪಕ್ಕದಲ್ಲಿ ಕೇಳಿಸಿಕೊಂಡವರಿಗೆ ಕೊನೆಗೆ ಸಿಕ್ಕ ಉತ್ತರ ಮಾತ್ರ ಗೊತ್ತಿರುತ್ತೆ.

ಇನ್ನೊಂದು ಪ್ರಶ್ನೆ ಬಿಡಬೇಡಿ. "ಇದರಲ್ಲಿ ನೀವು ತೀರ್ಮಾನ ಮಾಡದೆ ಬೇರೆಯವರು ತೀರ್ಮಾನ ಮಾಡಿದ್ದು ಯಾವುದು?" ಕೆಲಸದ ಒಳಗೆ ಇದ್ದವರಿಗೆ ತಮ್ಮ ಗಡಿ ಎಲ್ಲಿ ಮುಗಿಯಿತು ಅಂತ ಗೊತ್ತಿರುತ್ತೆ.

ಕಿರಣ್, ವಿನೋಬನಗರ

ವಸಂತ ಸರ್, ನನ್ನ ಬಳಿ ಒಂದು ಹುದ್ದೆಗೆ 200 ಅರ್ಜಿ ಬರುತ್ತೆ. ಎಲ್ಲರನ್ನೂ ಕರೆದು ಹೀಗೆ ಕೇಳೋಕೆ ಆಗಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು.

ವಸಂತ, ಗಾಜನೂರು

ಗೆರೆ ಎಳೆಯಿರಿ. ಆದರೆ ಸಾಲಿನಲ್ಲಿ ಕೆಲಸದ ವಸ್ತು ಇದೆಯಾ ಅಂತ ನೋಡಿ ಎಳೆಯಿರಿ. "ಬಾಕಿ ಪಟ್ಟಿಯನ್ನು ಜನರಲ್ ಲೆಡ್ಜರ್ ಜೊತೆ ತಾಳೆ" ಅಂದಾಗ ಎರಡು ದಾಖಲೆಗಳ ಹೆಸರಿದೆ, ಒಂದು ನಿರ್ದಿಷ್ಟ ಕೆಲಸ ಇದೆ. 'ಸಹಾಯ' ಅನ್ನೋದನ್ನು ಬೆರಳಲ್ಲಿ ಮುಚ್ಚಿ ಓದಿದರೂ ಏನೋ ಉಳಿಯುತ್ತೆ. "ಯೋಜನೆಯ ಯಶಸ್ಸಿಗೆ ಸಹಾಯ ಮಾಡಿದೆ" ಅನ್ನೋದರಲ್ಲಿ ಮುಚ್ಚಿದರೆ ಏನೂ ಉಳಿಯಲ್ಲ. "ಯೋಜನೆಯನ್ನು ಯಶಸ್ವಿಯಾಗಿ ಮುನ್ನಡೆಸಿದೆ" ಅನ್ನೋದರಲ್ಲೂ ಅಷ್ಟೇ, ಅಲ್ಲಿ 'ನಾನು' ಇದ್ದರೂ ಖಾಲಿಯೇ.

ನಾಗರತ್ನ, ಸಾಗರ

ಇಲ್ಲಿ ಕೇಳಬಹುದಾ ಗೊತ್ತಿಲ್ಲ. ನಾನು ನಾಲ್ಕು ವರ್ಷ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕದ ಕೆಲಸದಲ್ಲಿ ಇದ್ದೆ. ನನ್ನ ರೆಸ್ಯೂಮೆಯಲ್ಲಿ "ಲೆಕ್ಕಪತ್ರ ಕೆಲಸದಲ್ಲಿ ಸಹಾಯ ಮಾಡಿದೆ" ಅಂತಲೇ ಇದೆ. ಯಾಕೆಂದರೆ ಎಲ್ಲದಕ್ಕೂ ಸಹಿ ಯಜಮಾನರದು. ನಾನು ಮಾಡಿದೆ ಅಂತ ಬರೆದರೆ ಸುಳ್ಳು ಆಗಲ್ವಾ? ನಮ್ಮ ಮನೆಯಲ್ಲಿ ನಾನು ನಾನು ಅನ್ನೋದು ಸೊಕ್ಕು ಅಂತ ಹೇಳಿಯೇ ಬೆಳೆಸಿದ್ದು. ಕಿರಣ್ ಅವರ ಮಾತು ಓದಿ ಬೇಜಾರಾಯಿತು. ಎಷ್ಟು ಕಡೆ ನನ್ನ ಅರ್ಜಿ ಹಾಗೇ ಪಕ್ಕಕ್ಕೆ ಹೋಗಿರಬಹುದು.

ವಸಂತ, ಗಾಜನೂರು

ಅಮ್ಮಾ, ಸಹಿ ಯಾರದು ಅನ್ನೋದು ಒಂದು, ಕೆಲಸ ಯಾರದು ಅನ್ನೋದು ಇನ್ನೊಂದು. ದಿನ ಬೆಳಿಗ್ಗೆ ಹೋಗಿ ಸಂಜೆವರೆಗೆ ಏನು ಮಾಡ್ತಿದ್ರಿ, ಅಷ್ಟೇ ಹೇಳಿ.

ನಾಗರತ್ನ, ಸಾಗರ

ಟೆಂಡರ್ ಆದ ಮೇಲೆ ತೂಕದ ಚೀಟಿಗಳು ಬರ್ತಿದ್ವು. ರಾಶಿ, ಬೆಟ್ಟೆ, ಗೊರಬಲು ಬೇರೆ ಬೇರೆ ದರ. ಪ್ರತಿ ರೈತರ ಚೀಟಿಗೆ ದರ ಹಾಕಿ, ಅವರು ಮೊದಲೇ ತಗೊಂಡ ಮುಂಗಡ ಎಷ್ಟು ಅಂತ ಖಾತೆ ನೋಡಿ ಕಳೆದು, ಕೊಡಬೇಕಾದ ಮೊತ್ತದ ಪಟ್ಟಿ ಮಾಡ್ತಿದ್ದೆ. ಯಜಮಾನರು ನೋಡಿ ಸಹಿ ಹಾಕಿ ಚೆಕ್ ಕೊಡ್ತಿದ್ರು. ದರದ ವಿಷಯ, ಯಾರಿಗೆ ಎಷ್ಟು ಮುಂಗಡ ಕೊಡಬೇಕು ಅನ್ನೋದು ಅವರದೇ.

ವಸಂತ, ಗಾಜನೂರು

ಹಾಗೇ ಬರೆಯಿರಿ. "ತೂಕದ ಚೀಟಿ ಮತ್ತು ಮುಂಗಡದ ಖಾತೆ ನೋಡಿ ರೈತರಿಗೆ ಕೊಡಬೇಕಾದ ಮೊತ್ತದ ಪಟ್ಟಿಯನ್ನು ದಿನವೂ ತಯಾರಿಸುತ್ತಿದ್ದೆ. ಮಾಲೀಕರು ಪರಿಶೀಲಿಸಿ ಪಾವತಿ ಮಾಡುತ್ತಿದ್ದರು." ಇದರಲ್ಲಿ ನಿಮ್ಮ ಕೆಲಸವೂ ಇದೆ, ಅವರದೂ ಇದೆ. ಸುಳ್ಳು ಒಂದಕ್ಷರ ಇಲ್ಲ. ಓದಿದವರಿಗೆ ಏನು ಕೇಳಬೇಕು ಅಂತಲೂ ಗೊತ್ತಾಗುತ್ತೆ.

ಕಿರಣ್, ವಿನೋಬನಗರ

ನಾಗರತ್ನ ಅವರೇ, ಬೇಜಾರಾಗಬೇಡಿ. ಈಗ ವಸಂತ ಸರ್ ಬರೆದ ಸಾಲು ನನ್ನ ಕೈಗೆ ಬಂದಿದ್ದರೆ ಖಂಡಿತ ಕರೆಯುತ್ತಿದ್ದೆ. ಆದರೂ ರೆಸ್ಯೂಮೆ ಸರಿಯಾಗಿ ಬರೆಯೋದು ಅರ್ಜಿ ಹಾಕುವವರ ಜವಾಬ್ದಾರಿ ಅನ್ನೋ ಮಾತನ್ನು ನಾನು ಬಿಡಲ್ಲ.

ಮಂಜುನಾಥ, ಸೊರಬ

ಈಗ ವಿಷಯ ಅರ್ಥ ಆಯ್ತು ಮಾರಾಯ್ರೇ. ತೋಟದಲ್ಲಿ ಅಡಿಕೆ ಗೊನೆ ಕೊಯ್ಲಿನ ಹಾಗೆ. ಮರ ಹತ್ತಿ ಕೊಯ್ಯುವವನು ಒಬ್ಬ, ಕೆಳಗೆ ನಿಂತು ಹಗ್ಗದಲ್ಲಿ ಜಾರಿ ಬರುವ ಗೊನೆ ಹಿಡಿಯುವವನು ಇನ್ನೊಬ್ಬ. ಇಬ್ಬರೂ 'ನಾವು ಕೊಯ್ದೆವು' ಅಂತಾರೆ. ನಿಮಗೆ ಮರ ಹತ್ತುವವನು ಬೇಕಾ, ಹಿಡಿಯುವವನು ಬೇಕಾ ಅಂತ ಮೊದಲು ನೀವೇ ಗೊತ್ತು ಮಾಡಿಕೊಳ್ಳಬೇಕು ಅಲ್ವಾ?

ಸುಜಾತ, ತೀರ್ಥಹಳ್ಳಿ

ಸಂದರ್ಶನ ಮುಗಿಯಿತು. ವಸಂತ ಸರ್ ಹೇಳಿದ ಹಾಗೆ ಕೆಲಸವನ್ನು ತುಂಡು ಮಾಡಿದ ಹಾಳೆ ಎದುರಿಗೆ ಇಟ್ಟುಕೊಂಡೇ ಕೇಳಿದೆ. ಇಬ್ಬರಿಗೂ ಒಂದೇ ಪ್ರಶ್ನೆ, ಒಂದೇ ಕ್ರಮ.

ಮೊದಲು ಹುಡುಗಿ. ನಿಮ್ಮ ಮೇಜಿಗೆ ಏನು ಬರ್ತಿತ್ತು ಅಂದೆ. ಸಾಫ್ಟ್‌ವೇರ್‌ನಿಂದ ತೆಗೆದ ಬಾಕಿ ಪಟ್ಟಿಯ ಪ್ರಿಂಟು ಅಂದಳು. ಅದು ಜನರಲ್ ಲೆಡ್ಜರ್‌ಗಿಂತ 31,850 ರೂಪಾಯಿ ಕಡಿಮೆ ಇತ್ತಂತೆ. ಮೊದಲು ಏನು ಮಾಡಿದೆ ಅಂದರೆ, "ವ್ಯತ್ಯಾಸ 9ರಿಂದ ಭಾಗ ಹೋಗುತ್ತಾ ನೋಡಿದೆ, ಹೋಗಲಿಲ್ಲ. ಒಂದಿಡೀ ದಿನ ಸುಮ್ನೆ ಲೆಡ್ಜರ್ ತಿರುವಿ ಹಾಕಿದೆ, ಏನೂ ಸಿಗಲಿಲ್ಲ" ಅಂದಳು. ಆಮೇಲೆ ಬೇಡಿಕೆ, ವಸೂಲಿ, ಬಾಕಿ ತೋರಿಸುವ ಡಿ.ಸಿ.ಬಿ. ಪಟ್ಟಿ ತೆಗೆದು ಊರುವಾರು ಮೊತ್ತಗಳನ್ನು ಹೋಲಿಸಿದಳಂತೆ. ಒಂದು ಊರಿನಲ್ಲಿ ಮಾತ್ರ ಸರಿಯಾಗಿ 27,000 ಕಡಿಮೆ. ಅದು 9ರಿಂದ ಭಾಗ ಹೋಯಿತು. ಆ ಊರಿನ ಸದಸ್ಯರನ್ನು ಒಬ್ಬೊಬ್ಬರಾಗಿ ನೋಡಿದಾಗ 63,000 ಇರಬೇಕಾದ ಕಡೆ 36,000 ಅಂತ ನಮೂದಾಗಿತ್ತು.

ಉಳಿದದ್ದು 4,850. ಅದು ಯಾವ ಊರಿನ ಮೊತ್ತದಲ್ಲೂ ಕಾಣಲಿಲ್ಲ. ಹಾಗಾಗಿ ತಪ್ಪು ಪಟ್ಟಿಯಲ್ಲಿ ಇಲ್ಲ, ಜನರಲ್ ಲೆಡ್ಜರ್‌ನಲ್ಲೇ ಇರಬೇಕು ಅಂತ ಅನಿಸಿತಂತೆ. ಹುಡುಕಿದರೆ ಸುಸ್ತಿಯಾದ ಒಂದು ಸಾಲದ ಬಡ್ಡಿಯನ್ನು ಬಡ್ಡಿ ಖಾತೆಗೆ ಬರೆಯುವ ಬದಲು ಅಸಲಿನ ಖಾತೆಗೆ ಬರೆದಿದ್ದರು. ಅದನ್ನು ಸರಿಪಡಿಸುವ ನಮೂದು ನೀವೇ ಹಾಕಿದ್ರಾ ಅಂತ ಕೇಳಿದೆ. "ಇಲ್ಲ, ಅದು ಕಾರ್ಯದರ್ಶಿಗಳ ತೀರ್ಮಾನ. ನಾನು ಚೀಟಿಯಲ್ಲಿ ಬರೆದು ಕೊಟ್ಟೆ, ಅಷ್ಟೇ. ಅದಕ್ಕೇ ಸಹಾಯ ಮಾಡಿದೆ ಅಂತ ಬರೆದಿದ್ದು" ಅಂದಳು.

ಹುಡುಗನಿಗೆ ಇದೇ ಪ್ರಶ್ನೆ. ತಾಳೆ ವಿಷಯ ಬಂದಾಗ, "ಎರರ್ ಬರ್ತಿತ್ತು, ಒಂದು ಕಡೆ ಅಂಕಿ ತಿರುಗಾಮುರುಗಾ ಆಗಿತ್ತು, ಸರಿ ಮಾಡಿದೆವು" ಅಂದ. ಮೊದಲು ಎಲ್ಲಿ ಹುಡುಕಿದಿರಿ ಅಂದರೆ ಉತ್ತರ ಇಲ್ಲ. ಆದರೆ ಸದಸ್ಯರ ಪಟ್ಟಿ ಬಗ್ಗೆ ಕೇಳಿದಾಗ ಆಸಾಮಿಯೇ ಬೇರೆ. ಒಂದೇ ಹೆಸರು, ಒಂದೇ ತಂದೆಯ ಹೆಸರು ಇರುವ ಇಬ್ಬರು ಒಂದೇ ಊರಿನಲ್ಲಿ ಇದ್ದರಂತೆ. ಷೇರು ಪುಸ್ತಕದ ಪುಟ ಸಂಖ್ಯೆ ಮತ್ತು ಪಹಣಿಯ ಸರ್ವೆ ನಂಬರ್ ಹಿಡಿದು ಬಿಡಿಸಿದ. ತೀರಿಹೋದವರ ಷೇರು ಇನ್ನೂ ಅವರ ಹೆಸರಲ್ಲೇ ಇದ್ದಾಗ ವಾರಸುದಾರರ ಮನೆಗೆ ಹೋಗಿ ಅರ್ಜಿ ತಂದ. ಇದೆಲ್ಲ ಅವನು ಕೇಳಿಸಿಕೊಂಡದ್ದಲ್ಲ, ಮಾಡಿದ್ದೇ.

ನನ್ನ ಗೊಂದಲ ಏನೆಂದರೆ, ತಾಳೆ ಕೆಲಸ ಇಬ್ಬರ ರೆಸ್ಯೂಮೆಯಲ್ಲೂ ಇದೆ. ಹಾಗಾದರೆ ಹುಡುಗ ಸುಳ್ಳು ಬರೆದಿದ್ದಾನೆ ಅಂತ ಹೇಳಬಹುದಾ?

ವಸಂತ, ಗಾಜನೂರು

ತುಂಬ ಚೆನ್ನಾಗಿ ಕೇಳಿದ್ದೀರಿ. ಹುಡುಗಿ ಹೇಳಿದ್ದರಲ್ಲಿ ಒಂದು ವಿಷಯ ಗಮನಿಸಿ. ಅಂಕಿ ಅದಲು ಬದಲಾದರೆ ವ್ಯತ್ಯಾಸ 9ರಿಂದ ಭಾಗ ಹೋಗುತ್ತೆ ಅನ್ನೋದು ಲೆಕ್ಕದವರಿಗೆಲ್ಲ ಗೊತ್ತು. ಆದರೆ ಎರಡು ತಪ್ಪು ಕೂಡಿಕೊಂಡಾಗ ಒಟ್ಟು ಮೊತ್ತದಲ್ಲಿ ಅದು ಕಾಣಲ್ಲ. 31,850 ಭಾಗ ಹೋಗಲ್ಲ, 27,000 ಹೋಗುತ್ತೆ. ಪುಸ್ತಕ ಓದಿ ಬಂದವರು ಉಪಾಯ ಕೆಲಸ ಮಾಡಿತು ಅಂತ ಹೇಳ್ತಾರೆ. ಇವಳು ಮೊದಲು ಕೆಲಸ ಮಾಡಲಿಲ್ಲ ಅಂತ ಹೇಳಿದಳು.

ಹುಡುಗನನ್ನು ಸುಳ್ಳುಗಾರ ಅನ್ನಬೇಡಿ. 1979ರಲ್ಲಿ ರಾಸ್ ಮತ್ತು ಸಿಕೋಲಿ ಗಂಡ ಹೆಂಡತಿಯರನ್ನು ಬೇರೆ ಬೇರೆ ಕೂರಿಸಿ ಮನೆ ಕೆಲಸದಲ್ಲಿ ನಿಮ್ಮ ಪಾಲು ಎಷ್ಟು ಅಂತ ಕೇಳಿದ್ದರು. ಹೆಚ್ಚಿನ ಜೋಡಿಗಳಲ್ಲಿ ಇಬ್ಬರ ಉತ್ತರ ಕೂಡಿಸಿದರೆ ಪೂರ್ತಿ ಕೆಲಸಕ್ಕಿಂತ ಜಾಸ್ತಿ ಆಯಿತು. ಜಗಳ ಶುರು ಮಾಡೋದರಂಥ ಕೆಟ್ಟ ವಿಷಯದಲ್ಲೂ ತಮ್ಮ ಪಾಲು ಜಾಸ್ತಿ ಅಂದರು. ಅಂದರೆ ಬರೀ ಹೊಗಳಿಕೆಯ ಆಸೆ ಅಲ್ಲ. ನಾವು ಮಾಡಿದ್ದು ನಮಗೆ ಬೇಗ ನೆನಪಾಗುತ್ತೆ, ಪಕ್ಕದವರು ಮಾಡಿದ್ದು ಆಗಲ್ಲ. ಆ ಹುಡುಗ ಪಟ್ಟಿ ಸರಿ ಮಾಡದೆ ಇದ್ದಿದ್ದರೆ ತಾಳೆ ಶುರುವೇ ಆಗ್ತಿರಲಿಲ್ಲ. ಅವನ ಲೆಕ್ಕದಲ್ಲಿ ಮುಗಿಸಿದ್ದು 'ನಾವು' ಅನ್ನೋದು ನಿಜವೇ.

ಇಮ್ರಾನ್, ಭದ್ರಾವತಿ

ಒಂದು ಅನುಮಾನ. ಇಬ್ಬರೂ ಒಂದೇ ಕೋಣೆಯಲ್ಲಿ ಕೂತವರು. ಅವಳು ಹೇಳಿದ ಕಥೆ ಅವನದ್ದೂ ಇರಬಹುದು, ಅವನು ಹೇಳಿದ್ದು ಅವಳದ್ದೂ ಇರಬಹುದು. ಚೆನ್ನಾಗಿ ನೋಡುವ ಕಣ್ಣು, ಮಾತಿನ ಕಲೆ ಎರಡೂ ಇದ್ದರೆ ಯಾರ ಕೆಲಸವನ್ನಾದರೂ ವಿವರವಾಗಿ ಹೇಳಬಹುದು. ಮಾತು ಬಾರದವರು ಸೋಲ್ತಾರೆ. ಸಾಫ್ಟ್‌ವೇರ್‌ನಲ್ಲಿ ಪ್ರತಿ ನಮೂದಿಗೂ ಯಾರ ಲಾಗಿನ್ ಅಂತ ದಾಖಲೆ ಇರುತ್ತಲ್ಲ, ಅಲ್ಲಿಂದ ಕೇಳಬಹುದಾ?

ವಸಂತ, ಗಾಜನೂರು

ಇಮ್ರಾನ್ ಅವರ ಅನುಮಾನ ನ್ಯಾಯವೇ. ಮಾತಿನ ಪರೀಕ್ಷೆಗೆ ಮಿತಿ ಇದೆ. ನಾಲ್ಕೈದು ವರ್ಷ ಹಳೇ ಕೆಲಸವಾದರೆ ಪ್ರಾಮಾಣಿಕರಿಗೂ ವಿವರ ಮರೆತಿರುತ್ತೆ.

ಲಾಗಿನ್ ದಾರಿ ನಮ್ಮ ಸಣ್ಣ ಸಂಘಗಳಲ್ಲಿ ನಡೆಯಲ್ಲ. ನಮೂದಿಸುವವರದು ಒಂದು, ಒಪ್ಪುವವರದು ಒಂದು ಲಾಗಿನ್ ಇರಬೇಕು. ಆದರೆ ಎಷ್ಟೋ ಕಡೆ ಕಾರ್ಯದರ್ಶಿಯ ಪಾಸ್‌ವರ್ಡಿನಲ್ಲೇ ಎಲ್ಲರೂ ಕೆಲಸ ಮಾಡ್ತಾರೆ. ಸದಸ್ಯರ ಸಾಲದ ಹಾಳೆ ತಂದು ತೋರಿಸಿ ಅಂತಲೂ ಅಭ್ಯರ್ಥಿಗೆ ಹೇಳಬೇಡಿ. ಅದು ಬೇರೆಯವರ ಮನೆಯ ಸಾಲದ ಗುಟ್ಟು. ಕೇಳಿದ ಕೂಡಲೇ ತಂದುಕೊಡುವವರನ್ನು ನಾನಾದರೆ ಕೆಲಸಕ್ಕೇ ತಗೊಳ್ಳಲ್ಲ.

ಬದಲಿಗೆ ಇಬ್ಬರನ್ನೂ ಮತ್ತೆ ಕರೆದು ಒಂದು ಸಣ್ಣ ಕೆಲಸ ಕೊಡಿ. 12 ಕಾಲ್ಪನಿಕ ಸದಸ್ಯರ ಬಾಕಿ ಪಟ್ಟಿ, ಅವರ ಲೆಡ್ಜರ್ ಪುಟಗಳು, ಒಂದಿಷ್ಟು ರಸೀದಿ. ಒಂದು ಕಡೆ ಅಂಕಿ ಅದಲು ಬದಲು ಮಾಡಿಡಿ. ಇನ್ನೊಂದು ಕಡೆ, ಒಬ್ಬರು ಕಟ್ಟಿದ 5,000 ರೂಪಾಯಿಯನ್ನು ಇನ್ನೊಬ್ಬರ ಖಾತೆಗೆ ಜಮಾ ಮಾಡಿಡಿ. ಎರಡನೆಯದೇ ಮುಖ್ಯ. ಅದರಿಂದ ಒಟ್ಟು ಮೊತ್ತ ಬದಲಾಗಲ್ಲ. ಮೊದಲ ತಪ್ಪು ಸಿಕ್ಕಿ ಒಟ್ಟು ತಾಳೆ ಆದ ಕೂಡಲೇ ಪೆನ್ನು ಕೆಳಗಿಡುವವರು ಇದ್ದಾರೆ. ಒಟ್ಟು ಸರಿ ಇದ್ದರೂ ರಸೀದಿ ಹಿಡಿದು ಒಬ್ಬೊಬ್ಬರ ಖಾತೆ ನೋಡುವವರು, ಇಲ್ಲವೇ "ಸದಸ್ಯರಿಗೆ ಬಾಕಿ ದೃಢೀಕರಣ ಪತ್ರ ಕಳಿಸಿದಿರಾ?" ಅಂತ ಕೇಳುವವರು ಆ ಕೆಲಸದಲ್ಲಿ ಪೆಟ್ಟು ತಿಂದವರು. ಮುಕ್ಕಾಲು ಗಂಟೆ ಸಾಕು. ಇದರಲ್ಲಿ ಮಾತಿನ ಕಲೆ ನಡೆಯಲ್ಲ.

ಕಿರಣ್, ವಿನೋಬನಗರ

ಇದು ಒಪ್ಪಿದೆ. ಹಳೇ ಸಂಘದ ಕಾರ್ಯದರ್ಶಿಗೆ ಒಂದು ಫೋನ್ ಕೂಡ ಮಾಡಿ. "ಹೇಗಿದ್ದಾರೆ" ಅಂತ ಕೇಳಿದರೆ ಒಳ್ಳೆಯವರು ಅಂತಾರೆ, ಮುಗೀತು. "ಆ 4,850 ಎಲ್ಲಿದೆ ಅಂತ ನಿಮಗೆ ಚೀಟಿ ಬರೆದುಕೊಟ್ಟವರು ಯಾರು?" ಅಂತ ಕೇಳಿ. ಒಂದೇ ಪ್ರಶ್ನೆ ಸಾಕು.

ಸುಜಾತ, ತೀರ್ಥಹಳ್ಳಿ

ಪ್ರಶ್ನೆ ಸರಿ. ಆದರೆ ಫೋನ್ ಮಾಡೋಕೆ ನನಗೆ ಮನಸ್ಸಿಲ್ಲ. ಹುಡುಗಿ ಇನ್ನೂ ಅಲ್ಲೇ ಕೆಲಸದಲ್ಲಿ ಇದ್ದಾಳೆ. ನಮ್ಮ ಕಡೆ ಎಲ್ಲರಿಗೂ ಎಲ್ಲರೂ ಗೊತ್ತು. ನಾನು ಫೋನ್ ಇಡುವಷ್ಟರಲ್ಲಿ ಅವಳು ಬೇರೆ ಕಡೆ ಅರ್ಜಿ ಹಾಕಿದ್ದು ಊರಿಗೆಲ್ಲ ತಿಳಿಯುತ್ತೆ.

ಕಿರಣ್, ವಿನೋಬನಗರ

ಅವಳನ್ನೇ ಕೇಳಿ ಒಪ್ಪಿಗೆ ತಗೊಂಡು ಮಾಡಿ. ಪರಿಶೀಲನೆ ಇಲ್ಲದೆ ಸಾಲದ ಲೆಕ್ಕ ಒಬ್ಬರ ಕೈಗೆ ಕೊಡೋದು ನನಗೆ ಸರಿ ಕಾಣಲ್ಲ.

ನಾಗರತ್ನ, ಸಾಗರ

ಒಪ್ಪಿಗೆ ಕೇಳಿದರೆ ಇಲ್ಲ ಅನ್ನೋಕೆ ಯಾರಿಗೆ ಧೈರ್ಯ ಬರುತ್ತೆ ಸರ್? ಕೆಲಸ ಬೇಕಾದವರು ಹೂಂ ಅಂತಾರೆ, ಆಮೇಲೆ ಅಲ್ಲಿ ಮುಖ ತೋರಿಸೋಕೆ ಕಷ್ಟ ಪಡ್ತಾರೆ. ನನ್ನ ಪ್ರಕಾರ ಆಯ್ಕೆ ಆದ ಮೇಲೆ, ಅವಳು ಅಲ್ಲಿ ರಾಜೀನಾಮೆ ಕೊಟ್ಟ ಮೇಲೆ ಕೇಳಲಿ.

ವಸಂತ, ಗಾಜನೂರು

ರಾಜೀನಾಮೆ ಕೊಟ್ಟ ಮೇಲೆ ಕೇಳಿ, ಅಲ್ಲಿಂದ ಬೇರೆ ಉತ್ತರ ಬಂದರೆ ಅವಳಿಗೆ ಎರಡೂ ಕಡೆ ಕೆಲಸ ಇಲ್ಲ. ಅದೂ ಸರಿಯಲ್ಲ. ಈ ವಿಷಯದಲ್ಲಿ ನನಗೂ ಒಂದು ಖಚಿತ ದಾರಿ ಕಾಣ್ತಿಲ್ಲ. ಮೊದಲು 12 ಸದಸ್ಯರ ಲೆಕ್ಕ ಕೊಟ್ಟು ನೋಡಿ. ಅದರಲ್ಲಿ ಸ್ಪಷ್ಟವಾದರೆ ಫೋನ್ ಬೇಕೋ ಬೇಡವೋ ಆಮೇಲೆ ಯೋಚಿಸಬಹುದು.

ಸುಜಾತ, ತೀರ್ಥಹಳ್ಳಿ

ಹಾಗೇ ಮಾಡ್ತೀನಿ. ಶನಿವಾರ ಮಧ್ಯಾಹ್ನ ಇಬ್ಬರನ್ನೂ ಕರೆದಿದ್ದೇನೆ. ಲೆಡ್ಜರ್ ಪುಟಗಳನ್ನು ನಾನೇ ಕೈಯಲ್ಲಿ ಬರೀತಾ ಇದ್ದೀನಿ. ಹುಡುಗನಿಗೂ ನ್ಯಾಯ ಆಗಲಿ ಅಂತ ಪಟ್ಟಿಯಲ್ಲಿ ಒಂದೇ ಹೆಸರಿನ ಇಬ್ಬರು ಸದಸ್ಯರನ್ನೂ ಸೇರಿಸಿದ್ದೇನೆ. ಆ 5,000ದ ರಸೀದಿ ಅವರಲ್ಲೇ ಒಬ್ಬರದು. ವಸಂತ ಸರ್, ಷೇರು ಪುಸ್ತಕದ ಪುಟವನ್ನೂ ಮೊದಲೇ ಕೊಟ್ಟಿರಬೇಕಾ, ಅಥವಾ ಅವರಾಗಿ ಕೇಳಿದರೆ ಮಾತ್ರ ಕೊಡಬೇಕಾ?

ವಸಂತ, ಗಾಜನೂರು

ಕೇಳಿದರೆ ಮಾತ್ರ ಕೊಡಿ. ಯಾರು ಎಷ್ಟನೇ ನಿಮಿಷಕ್ಕೆ ಕೇಳಿದರು ಅಂತ ಪಕ್ಕದಲ್ಲಿ ಬರೆದುಕೊಳ್ಳಿ.